ಕಥೆಯೊಳಗಿನ ಅಪ್ಪ ಹೆಡ್‌ಮಾಸ್ತರರಿಗೆ ಬರೆಯುವ ಪತ್ರ ಮುಂದೆ ಹೋಗುತ್ತಿಲ್ಲ, ಓದಿ ಹೇಳಿ

ಕರಿಮಣ್ಣು
ಒಂದು ಸಣ್ಣ ಕಥೆ ಬರೆಯುತ್ತಿದ್ದೇನೆ. ಮೂರು ತಿಂಗಳಿಂದ ಕೆಸರಿನಲ್ಲಿ ಹೂತ ಬಂಡಿಯ ಹಾಗೆ ಒಂದೇ ಕಡೆ ನಿಂತಿದೆ. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಪ್ಪನಿಗೆ ಎರಡು ಎಕರೆ ಮಳೆಯಾಶ್ರಿತ ಹೊಲ, ಹಾಕಿದ್ದು ಬ್ಯಾಡಗಿ ಮೆಣಸಿನಕಾಯಿ. ಮಗಳು ತಾಲ್ಲೂಕು ಊರಿನ ಖಾಸಗಿ ಶಾಲೆಯಲ್ಲಿ ಹತ್ತನೇ ತರಗತಿ. ವರ್ಷದ ಫೀ 17,000. ಜೂನ್‌ನಲ್ಲಿ ಅರ್ಧ ಕಟ್ಟಿದ್ದಾನೆ, 8,500 ಬಾಕಿ. ಬಾಕಿ ತೀರಿಸಿ ಹಾಲ್ ಟಿಕೆಟ್ ಒಯ್ಯಿರಿ ಎಂದು ಶಾಲೆಯಿಂದ ಹೇಳಿ ಕಳಿಸಿದ್ದಾರೆ.

ಕಥೆ ನಡೆಯುವುದು ಒಂದೇ ರಾತ್ರಿ, 2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಯಲ್ಲಿ ದರ ಕುಸಿದು ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದ ದಿನ. ಅಪ್ಪ ಏಳು ಚೀಲ ಒಯ್ದಿದ್ದ. ಲಿಲಾವಿನಲ್ಲಿ ಕೂಗಿದ ದರ ಕೇಳಿ ಕುಸಿದು ಕೂರುತ್ತಾನೆ, ಬರಿಗೈಯಲ್ಲಿ ಮನೆಗೆ ಬರುತ್ತಾನೆ, ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪತ್ರಕ್ಕೆ ಕೂರುತ್ತಾನೆ. ಪರೀಕ್ಷೆ ಮಾರ್ಚ್ 25ಕ್ಕೆ. ಮೊದಲ ಕರಡು ಹೀಗಿದೆ:

“ಸನ್ಮಾನ್ಯ ಮುಖ್ಯೋಪಾದ್ಯಾಯರ ಸನ್ನಿಧಾನಕ್ಕೆ, ಅನಂತ ನಮಸ್ಕಾರಗಳು. ವಿಜ್ಞಾಪಿಸಿಕೊಳ್ಳುವುದೇನೆಂದರೆ, ನಾನು ಬಡ ರೈತನಿದ್ದು, ಈ ವರ್ಷ ಮಳೆ ಇಲ್ಲದೆ ಬೆಳೆ ಹಾಳಾಗಿ, ಬಂದಷ್ಟು ಮೆಣಸಿನಕಾಯಿಯೂ ಮಾರಾಟವಾಗದೆ ಇರುವುದರಿಂದ ಮಗಳ ಫೀ ಕಟ್ಟಲು ಆಗಿರುವುದಿಲ್ಲ. ತಾವು ದೊಡ್ಡ ಮನಸ್ಸು ಮಾಡಿ ಹಾಲ್ ಟಿಕೆಟ್ ಕೊಡಬೇಕು. ಯುಗಾದಿಯೊಳಗೆ ಪೂರ್ತಿ ಹಣ ಕಟ್ಟುತ್ತೇನೆ.”

ಇದನ್ನು ಓದಿದರೆ ನನಗೇ ಏನೂ ಅನ್ನಿಸುತ್ತಿಲ್ಲ. ಅವನು ಎರಡನೇ ಕರಡು ಬರೆಯಲೇಬೇಕು. ಆದರೆ ಏನನ್ನು ಬದಲಾಯಿಸುತ್ತಾನೆ?

ಗುಬ್ಬಿಗೂಡು
ಓದಿ ಕಣ್ಣಲ್ಲಿ ನೀರು ಬಂತು. ಹುಡುಗಿಯ ಪರೀಕ್ಷೆ ತಪ್ಪಬಾರದು. ಫೋನ್ ನಂಬರ್ ಕೊಡಿ, ನಮ್ಮ ಓಣಿಯ ನಾಲ್ಕು ಹೆಣ್ಣುಮಕ್ಕಳು ಸೇರಿ ಇಷ್ಟು ಹಾಕುತ್ತೇವೆ.

ಕರಿಮಣ್ಣು
ಅಕ್ಕನವರೇ, ಇದು ಕಥೆ. ಆ ಹುಡುಗಿ ಇಲ್ಲ.

ಗುಬ್ಬಿಗೂಡು
ಅಂಥವರು ಇರುತ್ತಾರಲ್ಲ.

ಕಾನೂನುಕಣ್ಣು
ಕಥೆಯ ಬುಡವೇ ತಪ್ಪು. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಮಕ್ಕಳ ಫೀಗಾಗಿ ಯಾವ ಶಾಲೆಯೂ ಹೀಗೆ ಪೀಡಿಸುವಂತಿಲ್ಲ. ಅಪ್ಪ ಹೆಡ್‌ಮಾಸ್ತರರ ಕಾಲು ಹಿಡಿಯುವುದು ಬಿಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ದೂರು ಕೊಟ್ಟರೆ ಮರುದಿನವೇ ಹಾಲ್ ಟಿಕೆಟ್ ಮನೆ ಬಾಗಿಲಿಗೆ ಬರುತ್ತದೆ. ಅವನಿಗೆ ಕಾಯ್ದೆ ತಿಳಿಸುವ ಒಂದು ಪಾತ್ರ ತನ್ನಿ, ಕಥೆ ಸರಿಹೋಗುತ್ತದೆ.

ಶಾಲೆಯ ಗಂಟೆ
ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ಕೊನೆಯ ಎಂಟು ವರ್ಷ ಅನುದಾನವಿಲ್ಲದ ಶಾಲೆಯೊಂದರಲ್ಲಿ ಹೆಡ್‌ಮಾಸ್ತರನಾಗಿದ್ದವನು ನಾನು. ಇಂಥ ಪತ್ರಗಳು ನನ್ನ ಮೇಜಿನ ಮೇಲೆ ಪ್ರತಿ ಫೆಬ್ರುವರಿ, ಮಾರ್ಚ್‌ನಲ್ಲಿ ಬೀಳುತ್ತಿದ್ದವು.

ಕಾನೂನುಕಣ್ಣು ಅವರೇ, ಆ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗೆ, ಒಂದರಿಂದ ಎಂಟನೇ ತರಗತಿಗೆ. ಈ ಹುಡುಗಿ ಹತ್ತರಲ್ಲಿದ್ದಾಳೆ. ಆದರೆ ನಿಮ್ಮ ಮಾತಿನ ಅರ್ಧ ಸರಿ ಇದೆ. ಫೀ ಬಾಕಿ ಇದೆಯೆಂದು ಹಾಲ್ ಟಿಕೆಟ್ ತಡೆಯಬೇಡಿ ಎಂದು ಇಲಾಖೆ ಶಾಲೆಗಳಿಗೆ ಹೇಳುತ್ತಲೇ ಬಂದಿದೆ. ಅಧಿಕಾರಿಗಳಿಗೆ ದೂರು ಹೋದರೆ ಶಾಲೆ ಹೆದರುತ್ತದೆ. ಪರೀಕ್ಷೆಗೆ ಹೆಸರು ನೋಂದಾಯಿಸುವುದು ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ. ಹಾಲ್ ಟಿಕೆಟ್ ಶಾಲೆಯ ಲಾಗಿನ್‌ನಲ್ಲಿ ಬರುತ್ತದೆ, ನಾವು ಇಳಿಸಿಕೊಂಡು ಸಹಿ, ಮೊಹರು ಹಾಕಿ ಕೊಡುತ್ತೇವೆ. ಪರೀಕ್ಷಾ ಮಂಡಳಿಗೆ ಆ ಹುಡುಗಿಯ ಬಾಕಿಯ ಗೊಡವೆಯೇ ಇಲ್ಲ. ತಡೆದರೆ ತಡೆಯುವುದು ಹೆಡ್‌ಮಾಸ್ತರನ ಮೊಹರು ಮಾತ್ರ.

ಇನ್ನು ಪತ್ರ. ಕರಿಮಣ್ಣು ಅವರೇ, ನಿಮ್ಮ ಅಪ್ಪ ಹೆಡ್‌ಮಾಸ್ತರನನ್ನು ದೊರೆ ಎಂದುಕೊಂಡಿದ್ದಾನೆ. ಅಂಥ ಶಾಲೆಯಲ್ಲಿ ಹೆಡ್‌ಮಾಸ್ತರ ಸಂಬಳದ ಆಳು. ಫೀ ಪುಸ್ತಕ ಗುಮಾಸ್ತನ ಹತ್ತಿರ, ಮಾಫಿಯ ಮಾತು ಆಡಳಿತ ಮಂಡಳಿಯ ಕಾರ್ಯದರ್ಶಿಯ ಹತ್ತಿರ. ನನ್ನ ಕೈಯಲ್ಲಿದ್ದುದು ಒಂದೇ, ಪತ್ರವನ್ನು ಒಯ್ದು ಅವರ ಮುಂದಿಟ್ಟು “ಇವರು ಹೀಗೆ ಬರೆದುಕೊಟ್ಟಿದ್ದಾರೆ, ನಾನು ಟಿಕೆಟ್ ಕೊಡುತ್ತಿದ್ದೇನೆ” ಎನ್ನುವುದು. ಅದಕ್ಕೆ ಪತ್ರದಲ್ಲಿ ಹಿಡಿದುಕೊಳ್ಳಲು ಏನಾದರೂ ಇರಬೇಕು. ಬಡವ, ಮಳೆ ಇಲ್ಲ ಎಂಬುದು ಎಲ್ಲ ಪತ್ರಗಳಲ್ಲೂ ಇರುತ್ತಿತ್ತು. ಸುಳ್ಳೆಂದಲ್ಲ, ಅವರು ಬರೆಯುವುದಕ್ಕೆ ಮೊದಲೇ ನಮಗೆ ಗೊತ್ತಿರುತ್ತಿತ್ತು. ನಾನು ಮೊದಲು ಓದುತ್ತಿದ್ದುದು ಕೊನೆಯ ಸಾಲು. ಎಷ್ಟು, ಯಾವಾಗ.

ನಿಮ್ಮ ಅಪ್ಪ ಅಲ್ಲೇ ಎಡವಿದ್ದಾನೆ. “ಯುಗಾದಿಯೊಳಗೆ” ಎಂದಿದ್ದಾನೆ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಂತು. ಪರೀಕ್ಷೆ ಮುಗಿದದ್ದು ಏಪ್ರಿಲ್ 6ಕ್ಕೆ. ಅವನ ಮನಸ್ಸಿನಲ್ಲಿ ಯುಗಾದಿ ಎಂದರೆ ವರ್ಷದ ಲೆಕ್ಕ ಚುಕ್ತಾ ಮಾಡುವ ದಿನ. ಕಾರ್ಯದರ್ಶಿಯ ಕಿವಿಗೆ ಅದು “ಪರೀಕ್ಷೆ ಮುಗಿಸಿಕೊಂಡು ನೋಡೋಣ” ಎಂದು ಕೇಳುತ್ತದೆ.

ಗದಗಿನ ಗಾಳಿ
ಯುಗಾದಿಯ ಎರಡು ಅರ್ಥ! ಕರಿಮಣ್ಣು ಅವರೇ, ಇದನ್ನು ಬಿಡಬೇಡಿ. ಬೆಂಕಿ, ಗಲಾಟೆ ಎಲ್ಲ ತೆಗೆದರೂ ಕಥೆ ನಿಲ್ಲುತ್ತದೆ.

ಒಣಮೆಣಸು
ಬೆಂಕಿ ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು, ಮೊದಲು ಲಿಲಾವು ತೆಗೆಯಿರಿ. ಬ್ಯಾಡಗಿಯಲ್ಲಿ ಯಾರೂ ಕೂಗುವುದಿಲ್ಲ. ಅಲ್ಲಿ ಇ-ಟೆಂಡರ್. ನಾನು ಹನ್ನೊಂದು ವರ್ಷ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವನು. ಸೋಮವಾರ, ಗುರುವಾರ ಪೇಟೆ. ಬೆಳಿಗ್ಗೆ ಚೀಲ ಬಿಚ್ಚಿ ಮಾಲು ತೋರಿಸುತ್ತಾರೆ. ಖರೀದಿದಾರರು ಅಂಗಡಿಯಿಂದ ಅಂಗಡಿಗೆ ಬಂದು ಒಂದು ಹಿಡಿ ಎತ್ತಿ ಬಣ್ಣ ನೋಡುತ್ತಾರೆ, ಮುರಿದು ನೋಡುತ್ತಾರೆ, ತೇವ ಇದೆಯೇ ಎಂದು ಹಿಸುಕುತ್ತಾರೆ, ಮುಖದಲ್ಲಿ ಏನನ್ನೂ ತೋರಿಸದೆ ಮುಂದೆ ಹೋಗುತ್ತಾರೆ. ದರ ಗೊತ್ತಾಗುವುದು ಆಮೇಲೆ. ಅಷ್ಟು ಹೊತ್ತು ರೈತ ಚಹಾ ಕುಡಿಯುತ್ತಾ ಕೂರಬೇಕು. ಆ ಕಾಯುವಿಕೆಯನ್ನು ಬರೆಯಿರಿ, ಕೂಗಾಟಕ್ಕಿಂತ ಅದು ಕೆಟ್ಟದ್ದು.

ಇನ್ನೊಂದು ಮಾತು. ಬಂದ ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಬಿಡದೆ ಇಟ್ಟುಕೊಳ್ಳಬಹುದು. ಹಾಗಾಗಿ ನಿಮ್ಮ ಪತ್ರದ “ಮಾರಾಟವಾಗದೆ” ಎಂಬುದು ಪೂರ್ತಿ ನಿಜವಲ್ಲ. ಕೊಳ್ಳುವವರು ಇದ್ದರು, ಇವನು ಕೊಡಲಿಲ್ಲ.

ಕರಿಮಣ್ಣು
ಯಜಮಾನರೇ, ಈ ಕೊನೆಯ ಮಾತು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಅವನು ಕೊಡದೆ ಇದ್ದದ್ದು ಸರಿಯೇ? ಅಂದರೆ ಲೆಕ್ಕದಲ್ಲಿ?

ಒಣಮೆಣಸು
ಲೆಕ್ಕ ಹಾಕೋಣ. ಬರದ ವರ್ಷ, ಎರಡು ಎಕರೆಗೆ ಏಳು ಚೀಲ ಬಂದದ್ದು ಹೊಂದುತ್ತದೆ. ಮೂರು ಕ್ವಿಂಟಲ್ ಎನ್ನಿ. ಬಿತ್ತನೆ, ಗೊಬ್ಬರ, ಔಷಧಕ್ಕೆ ದಲಾಲಿ ಅಂಗಡಿಯಿಂದ 30,000 ಮುಂಗಡ ಎತ್ತಿರುತ್ತಾನೆ. ನಿಮ್ಮ ಕಥೆಯಲ್ಲಿ ಇದು ಇಲ್ಲ, ಇರಲೇಬೇಕು. ಅವನು ಮನೆಯಿಂದ ಹೊರಟಾಗ ಕ್ವಿಂಟಲ್‌ಗೆ 20,000 ಎಂದುಕೊಂಡಿದ್ದ ಎನ್ನಿ. ಅರವತ್ತು ಸಾವಿರ ಬಂದು, ಮುಂಗಡ ಹೋಗಿ ಮೂವತ್ತು ಕೈಗೆ. ಫೀ ಕಟ್ಟಿ ಹಬ್ಬವನ್ನೂ ಮಾಡಬಹುದು.

ಅಂದು 12,000 ಬಂತು ಎನ್ನಿ. ಒಟ್ಟು 36,000. ಅಂಗಡಿಯವರು ಪಟ್ಟಿ ಬರೆಯುವಾಗಲೇ ತಮ್ಮ ಮೂವತ್ತು ಮುರಿದುಕೊಳ್ಳುತ್ತಾರೆ. ಉಳಿದ ಆರರಲ್ಲಿ ಗಾಡಿ ಬಾಡಿಗೆ, ಹಮಾಲಿ 900 ತೆಗೆಯಿರಿ. ಕೈಗೆ 5,100. ಫೀ 8,500. ಅಂದರೆ ವರ್ಷದ ಬೆಳೆ ಪೂರ್ತಿ ಕೊಟ್ಟರೂ ಹಾಲ್ ಟಿಕೆಟ್ ಬರುವುದಿಲ್ಲ. ಕೊಡದೆ ಇದ್ದದ್ದು ಹುಚ್ಚಲ್ಲ. ಆದರೆ ಮನೆಯಲ್ಲಿ ಬಹಳ ದಿನ ಇಡುವಂತೆಯೂ ಇಲ್ಲ. ಬ್ಯಾಡಗಿ ಕಾಯಿಗೆ ದರ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ಬೇಸಿಗೆಯ ಬಿಸಿಗೆ ಮನೆಯಲ್ಲಿ ಬಣ್ಣ ಇಳಿಯುತ್ತದೆ. ದೊಡ್ಡವರು ಶೀತಲಗೃಹದಲ್ಲಿ ಇಡುತ್ತಾರೆ. ಏಳು ಚೀಲದವನು ಅಟ್ಟದ ಮೇಲೆ ಇಟ್ಟು ದಿನ ಎಣಿಸುತ್ತಾನೆ.

ಗುಬ್ಬಿಗೂಡು
ಈಗ ಬ್ಯಾಡಗಿ ಕಾಯಿ ಕಿಲೋಗೆ ಎಷ್ಟಿದೆ? ವರ್ಷದ ಖಾರದಪುಡಿಗೆ ಡಬ್ಬಿ ತೆಗೆದುಕೊಳ್ಳಬೇಕೋ ಕಡ್ಡಿಯೋ?

ಒಣಮೆಣಸು
ಪುಡಿಗೆ ಎರಡೂ ನಡೆಯುತ್ತವೆ. ಡಬ್ಬಿಗೆ ಬಣ್ಣ ಹೆಚ್ಚು, ಬೀಜವೂ ಹೆಚ್ಚು. ಖಾರ ಬೇಕಿದ್ದರೆ ಜೊತೆಗೆ ಬೇರೆ ಕಾಯಿ ಬೆರೆಸಿ. ದರ ಬೇರೆ ಕಡೆ ಕೇಳಿ, ಇಲ್ಲಿ ಕಥೆ ನಡೆಯುತ್ತಿದೆ.

ಗದಗಿನ ಗಾಳಿ
ಕಥೆ ಎಲ್ಲಿ ನಡೆಯುತ್ತಿದೆ? ಜಮಾಖರ್ಚು ನಡೆಯುತ್ತಿದೆ. ನನ್ನ ತಕರಾರು ಬೇರೆ. ಹಾವೇರಿಯ ರೈತ “ಸನ್ನಿಧಾನಕ್ಕೆ”, “ವಿಜ್ಞಾಪಿಸಿಕೊಳ್ಳುವುದೇನೆಂದರೆ” ಎಂದು ಬರೆಯುತ್ತಾನೆಯೇ? ಅವನ ಬಾಯಿಯ ಭಾಷೆಯನ್ನೇ ಪತ್ರಕ್ಕೆ ಇಳಿಸಿ. ಆಗ ಜೀವ ಬರುತ್ತದೆ. ಈಗ ತಹಶೀಲ್ದಾರರ ಕಚೇರಿಯ ಮುಂದೆ ಅರ್ಜಿ ಬರೆಯುವವನ ಕೈ ಕಾಣುತ್ತದೆ.

ಶಾಲೆಯ ಗಂಟೆ
ಇದನ್ನು ಒಪ್ಪುವುದಿಲ್ಲ. ಮನೆಯಲ್ಲಿ ಧಾರವಾಡದ ಕನ್ನಡ ಆಡುವವನು ಕಾಗದದ ಮುಂದೆ ಕೂತರೆ ಪುಸ್ತಕದ ಕನ್ನಡವನ್ನೇ ಬರೆಯುತ್ತಾನೆ. ಏಕೆಂದರೆ ಬರೆಯುವುದನ್ನು ಅವನು ಕಲಿತದ್ದು ಶಾಲೆಯಲ್ಲಿ. ಏಳನೆಯ ಇಯತ್ತೆಯ ಪರೀಕ್ಷೆಯನ್ನು ನಮ್ಮ ಕಡೆ ಮುಲ್ಕಿ ಎನ್ನುತ್ತಿದ್ದರು. ಮುಲ್ಕಿ ಪಾಸಾದವರ ಪತ್ರಗಳನ್ನು ನಾನು ನೋಡಿದ್ದೇನೆ. ಎದುರಿಗೆ ಬಂದರೆ ಬಾಯಿತುಂಬ ಮಾತಾಡುವವರು ಕಾಗದದಲ್ಲಿ ಸೊಂಟ ಬಗ್ಗಿಸಿ ನಿಂತಿರುತ್ತಿದ್ದರು. “ಆಗಿರುವುದಿಲ್ಲ”, “ರೈತನಿದ್ದು” ಇವೆರಡನ್ನೂ ಕರಿಮಣ್ಣು ಸರಿಯಾಗಿ ಹಿಡಿದಿದ್ದಾರೆ. ಬದಲಾಗಬೇಕಾದದ್ದು ಭಾಷೆಯಲ್ಲ.

ಎರಡು ಜಡೆ
ನಾನು ರೋಣದ ಕಡೆಯವಳು, ಈಗ ಹುಬ್ಬಳ್ಳಿಯಲ್ಲಿ ಕೆಲಸ. ನಮ್ಮ ಅಪ್ಪನೂ ಹೀಗೆ ಒಂದು ಪತ್ರ ಬರೆದಿದ್ದರು, ನಾನು ಒಂಬತ್ತರಲ್ಲಿದ್ದಾಗ. ಮಡಚಿ ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟು, ಓದಬೇಡ, ಕೊಟ್ಟು ಬಾ ಎಂದರು. ಬಸ್ಸಿನಲ್ಲಿ ಓದಿದೆ.

ಅದರಲ್ಲಿ ಬರೆದಿದ್ದ ಕಷ್ಟವೆಲ್ಲ ನನಗೆ ಮೊದಲೇ ಗೊತ್ತಿತ್ತು, ನಾನು ಬೆಳೆದದ್ದು ಅದೇ ಮನೆಯಲ್ಲಿ. ನನಗೆ ನಾಚಿಕೆಯಾದದ್ದು ಒಂದು ಅಕ್ಷರಕ್ಕೆ. “ಮುಖ್ಯೋಪಾದ್ಯಾಯರು” ಎಂದು ಬರೆದಿದ್ದರು, ನಿಮ್ಮ ಅಪ್ಪನ ಹಾಗೆಯೇ. ಪೆನ್ನು ತೆಗೆದು ಆ ದಕಾರದ ಹೊಟ್ಟೆ ಸೀಳಿದೆ. ಬಸ್ಸು ಕುಲುಕಿ ಗೆರೆ ಉದ್ದವಾಗಿ ಕೆಳಗಿನ ಸಾಲಿನವರೆಗೂ ಹೋಯಿತು. ನನ್ನ ಶಾಯಿ ನೀಲಿ, ಅಪ್ಪನದು ಕಪ್ಪು. ಸರ್ ಪತ್ರ ಓದಿ, ಆ ಗೆರೆಯನ್ನು ನೋಡಿ, ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ. ಅಪ್ಪನಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಕರಿಮಣ್ಣು ಅಣ್ಣ, ನಿಮ್ಮ ಪತ್ರದಲ್ಲಿರುವ ಆ ತಪ್ಪು ಬೇಕೆಂದೇ ಇಟ್ಟದ್ದೋ, ನಿಮ್ಮ ಕೈ ತಪ್ಪಿದ್ದೋ?

ಕರಿಮಣ್ಣು
ತಂಗಿ, ಸತ್ಯ ಹೇಳುತ್ತೇನೆ. ಕೈ ತಪ್ಪಿದ್ದು. ಈಗ ತೆಗೆಯುವುದಿಲ್ಲ.

ಎರಡು ಜಡೆ
ಇನ್ನೆರಡು ಮಾತು. ನಿಮ್ಮ ಕಥೆಯಲ್ಲಿ ಅವ್ವ ಎಲ್ಲಿದ್ದಾಳೆ? ರಾತ್ರಿಯೆಲ್ಲ ದೀಪ ಹಚ್ಚಿಕೊಂಡು ಗಂಡ ಕಾಗದ ಹರಿಯುತ್ತಿದ್ದರೆ ಮಲಗಿಬಿಡುತ್ತಾಳೆಯೇ? 2024ರ ಮಾರ್ಚ್ ಎಂದರೆ ಗೃಹಲಕ್ಷ್ಮಿ ಬರುತ್ತಿದ್ದ ಕಾಲ. ತಿಂಗಳಿಗೆ 2,000, ಅದೂ ಅವಳ ಖಾತೆಗೆ. ಆ ಮನೆಯಲ್ಲಿ ಅಂದು ರಾತ್ರಿ ನಗದು ಇದ್ದದ್ದು ಅವಳ ಹತ್ತಿರ ಮಾತ್ರ. ಅಪ್ಪ ಕೇಳುತ್ತಾನೋ, ಅವಳೇ ಕೊಡುತ್ತಾಳೋ, ಅದನ್ನು ಬರೆಯಿರಿ.

ಶಾಲೆಯ ಗಂಟೆ
ತಂಗಿ ಹೇಳಿದ್ದು ಪತ್ರಕ್ಕೂ ಬೇಕಾದದ್ದು. ಪತ್ರದ ಜೊತೆ ಸ್ವಲ್ಪವಾದರೂ ಹಣ ಬಂದರೆ ಅದರ ತೂಕವೇ ಬೇರೆ. ಎರಡು ಸಾವಿರ ಕಟ್ಟಿಸಿಕೊಂಡು ರಸೀದಿ ಹರಿದರೆ, ಫೀ ಪುಸ್ತಕದಲ್ಲಿ ಆ ಹುಡುಗಿ “ಕಟ್ಟುತ್ತಿರುವವರ” ಸಾಲಿಗೆ ಬರುತ್ತಾಳೆ. ರಸೀದಿ ಕೇಳಿ ಪಡೆಯಬೇಕು, ಪತ್ರದ ಪ್ರತಿಯ ಮೇಲೆ ಸ್ವೀಕರಿಸಿದ ಸಹಿಯನ್ನೂ ಹಾಕಿಸಿಕೊಳ್ಳಬೇಕು. ಮುಂದೆ ಅಧಿಕಾರಿಗಳ ಬಾಗಿಲಿಗೆ ಹೋಗುವುದೇ ಆದರೆ ಕೈಯಲ್ಲಿರುವುದು ಅವೆರಡೇ.

ದಿನಾಂಕದ ವಿಷಯಕ್ಕೂ ಒಂದು ದಾರಿ ಇದೆ. ಪರೀಕ್ಷೆ ಮುಗಿದ ಮೇಲೆ ಹುಡುಗಿ ಪಿಯುಸಿಗೆ ಸೇರಲು ಟಿಸಿ ಬೇಕು. ಶಾಲೆಯ ನಿಜವಾದ ಹಿಡಿತ ಇರುವುದು ಅಲ್ಲಿ. ಇದು ಎಲ್ಲ ಗುಮಾಸ್ತರಿಗೂ ಗೊತ್ತು, ತಂದೆ-ತಾಯಿಗಳಿಗೆ ಗೊತ್ತಿಲ್ಲ. ಅಪ್ಪನೇ ಮುಂದಾಗಿ “ಟಿಸಿ ಒಯ್ಯುವ ಮೊದಲು ಪೂರ್ತಿ ಕೊಡುತ್ತೇನೆ” ಎಂದು ಬರೆದರೆ ಯುಗಾದಿಯ ಗೊಂದಲವೂ ಇಲ್ಲ, ಹಾಲ್ ಟಿಕೆಟ್ ತಡೆಯಲು ಕಾರ್ಯದರ್ಶಿಗೆ ನೆಪವೂ ಇಲ್ಲ.

ಕಾನೂನುಕಣ್ಣು
ಎಂಟನೇ ತರಗತಿಯ ತಿದ್ದುಪಡಿ ಒಪ್ಪಿದೆ. ಆದರೆ ಗುರುಗಳೇ, ಇದೆಂಥ ಸಲಹೆ! ಮಗಳ ಟಿಸಿಯನ್ನು ಅಪ್ಪನೇ ಒತ್ತೆ ಇಡುವುದೇ? ಅವರು ತಡೆಯಬಾರದ್ದನ್ನು ತಡೆಯಿರಿ ಎಂದು ಇವನೇ ಬರೆದುಕೊಟ್ಟ ಹಾಗಾಯಿತು. ನಾಳೆ ದೂರು ಕೊಡಲು ಹೋದರೆ ಅದೇ ಪತ್ರವನ್ನು ಮುಂದೆ ಹಿಡಿಯುತ್ತಾರೆ.

ಶಾಲೆಯ ಗಂಟೆ
ನೀವು ಹೇಳುವುದು ನ್ಯಾಯ. ನಾನು ಹೇಳುವುದು ಹದಿನಾಲ್ಕು ದಿನದಲ್ಲಿ ಆಗುವ ಕೆಲಸ.

ಕಾನೂನುಕಣ್ಣು
ಹದಿನಾಲ್ಕು ದಿನದ ಕೆಲಸ ಎಂದುಕೊಂಡೇ ಎಲ್ಲ ಶಾಲೆಗಳೂ ಹೀಗಾಗಿರುವುದು.

ಗದಗಿನ ಗಾಳಿ
ಇಬ್ಬರೂ ಸೇರಿ ಅಪ್ಪನನ್ನು ವಕೀಲ ಮಾಡಬೇಡಿ. ಟಿಸಿ ವಿಷಯ ಅವನಿಗೆ ಗೊತ್ತಾಗುವುದಾದರೂ ಹೇಗೆ, ಆ ರಾತ್ರಿ, ಆ ಅಟ್ಟದ ಕೆಳಗೆ? ಗೊತ್ತಿಲ್ಲದಿರುವುದೇ ಕಥೆ.

ನನಗೆ ಈಗ ಕಾಣುತ್ತಿರುವುದು ಒಣಮೆಣಸು ಅವರು ಹಿಡಿದ ಆ ಒಂದು ಪದ. “ಮಾರಾಟವಾಗಲಿಲ್ಲ” ಎಂದರೆ ಯಾರ ಕೈವಾಡವೂ ಇಲ್ಲ, ಮಳೆಯ ಹಾಗೆ, ತಾನಾಗಿ ಆದದ್ದು. “ಮಾರಲಿಲ್ಲ” ಎಂದರೆ ಅವನು ಮಾಡಿದ್ದು. ಮೊದಲ ಕರಡು ಕರುಣೆ ಕೇಳುತ್ತದೆ, ಅದಕ್ಕೆ “ಮಾರಾಟವಾಗದೆ” ಬೇಕು. ಆ ಒಂದು ಪದ ಹೊಡೆದುಹಾಕಲು ಅವನಿಗೆ ಇಡೀ ರಾತ್ರಿ ಹಿಡಿಯಬೇಕು.

ಒಣಮೆಣಸು
ಹಾಗೆಯೇ “ಬಡ” ಎಂಬುದನ್ನೂ ಹೊಡೆಯಿರಿ. ಮೂವತ್ತು ಸಾವಿರ ಮುಂಗಡ ಹುಟ್ಟಿಸಿಕೊಂಡವನು ಪೇಟೆಯಲ್ಲಿ ಮರ್ಯಾದೆ ಉಳ್ಳವನು. ತಾನೇ ತನ್ನನ್ನು ಬಡವ ಎಂದು ಬರೆದುಕೊಳ್ಳುವುದಿಲ್ಲ, ಬೇರೆಯವರು ಬರೆಸಿದರೆ ಸಹಿ ಮಾಡುತ್ತಾನೆ ಅಷ್ಟೆ.

ಗುಬ್ಬಿಗೂಡು
ಆ ದಿನ ಬೆಂಕಿ ಹಚ್ಚಿದವರಲ್ಲಿ ಇವನೂ ಇದ್ದನೇ?

ಕರಿಮಣ್ಣು
ಇಲ್ಲ, ಅಕ್ಕನವರೇ. ಹೊಗೆ ನೋಡಿ ಚೀಲ ಹೇರಿಕೊಂಡು ಹೊರಟುಬಿಟ್ಟ. ಆದರೆ ಮರುದಿನ ಹೆಡ್‌ಮಾಸ್ತರರು ಹಾಗೆ ಅಂದುಕೊಂಡಾರು ಎಂಬ ಅಂಜಿಕೆ ಅವನಿಗೆ ಇದೆ. ಅದಕ್ಕೇ ಮೊದಲ ಕರಡಿನಲ್ಲಿ ಬ್ಯಾಡಗಿಯ ಹೆಸರನ್ನೇ ಎತ್ತಲಿಲ್ಲ. ನೀವು ಕೇಳುವವರೆಗೆ ನನಗೂ ಇದು ಗೊತ್ತಿರಲಿಲ್ಲ!

ಎಲ್ಲರೂ ಹೇಳಿದ್ದನ್ನು ಇಟ್ಟುಕೊಂಡು ನಿನ್ನೆ ರಾತ್ರಿ ಕೂತೆ. ಟೆಂಡರ್ ಬಂತು, ಮುಂಗಡ ಬಂತು, ಅವ್ವ ಬಂದಳು. ಅವಳು ಹೆಚ್ಚು ಮಾತಾಡುವುದಿಲ್ಲ. ಪಾಸ್‌ಬುಕ್ಕನ್ನು ತಂದು ನೋಟ್‌ಬುಕ್ಕಿನ ಪಕ್ಕ ಇಟ್ಟು ಒಳಗೆ ಹೋಗುತ್ತಾಳೆ. ಕೊನೆಯ ಕರಡು ಈಗ ಹೀಗಿದೆ. ಎರಡು ಗೆರೆ ಹೊಡೆದದ್ದನ್ನು “ಹೊಡೆದದ್ದು” ಎಂದು ತೋರಿಸಿದ್ದೇನೆ.

“ಮುಖ್ಯೋಪಾದ್ಯಾಯರಿಗೆ ನಮಸ್ಕಾರಗಳು. ವಿಜ್ಞಾಪಿಸಿಕೊಳ್ಳುವುದೇನೆಂದರೆ, ನಾನು ಬಡ (ಹೊಡೆದದ್ದು) ರೈತನಿದ್ದು, ಮಗಳ ಫೀ 8,500 ರೂಪಾಯಿ ಬಾಕಿ ಇರುವುದು ನಿಜ. ಸೋಮವಾರ ಬ್ಯಾಡಗಿಗೆ ಏಳು ಚೀಲ ಒಯ್ದಿದ್ದೆನು. ದರ ಇಳಿದಿದ್ದರಿಂದ ಮಾರಾಟವಾಗಲಿಲ್ಲ (ಹೊಡೆದದ್ದು) ನಾನು ಮಾರಲಿಲ್ಲ. ಆ ದರಕ್ಕೆ ಮಾರಿದರೆ ಅಂಗಡಿಯ ಮುಂಗಡ ಮುರಿದು ತಮ್ಮ ಬಾಕಿಗೂ ಸಾಲುತ್ತಿರಲಿಲ್ಲ. ಈ ಪತ್ರದ ಸಂಗಡ 2,000 ರೂಪಾಯಿ ಇದೆ. ಇದು ಹುಡುಗಿಯ ತಾಯಿಯ ಹಣ, ರಸೀದಿ ಅವಳ ಹೆಸರಿನಲ್ಲಿ ಕೊಡಬೇಕು. ಉಳಿದ 6,500 ರೂಪಾಯಿಯನ್ನು ಮಾಲು ಮಾರಿದ ದಿನವೇ ತಂದು ಕೊಡುತ್ತೇನೆ. ಮುಂದಿನ ಟೆಂಡರ್ ಯಾವಾಗ ಎಂಬುದು ಪೇಟೆಯಲ್ಲಿ ಇನ್ನೂ ಯಾರಿಗೂ ತಿಳಿದಿಲ್ಲ, ಆದ್ದರಿಂದ ದಿನಾಂಕ ಬರೆದಿರುವುದಿಲ್ಲ. ಬಣ್ಣ ಇಳಿಯುವುದರೊಳಗೆ ಮಾರುತ್ತೇನೆ.”

ಶಾಲೆಯ ಗಂಟೆ
“ದಿನಾಂಕ ಬರೆದಿರುವುದಿಲ್ಲ” ಎಂಬುದನ್ನು ಕಾರ್ಯದರ್ಶಿಗೆ ತೋರಿಸಲಾರೆ. ಆದರೆ ಟಿಕೆಟ್ ಕೊಟ್ಟು ಆಮೇಲೆ ಬೈಸಿಕೊಳ್ಳುತ್ತಿದ್ದೆ. ಒಂದು ಸಣ್ಣ ತಕರಾರು, ರಸೀದಿ ಹರಿಯುವುದು ವಿದ್ಯಾರ್ಥಿಯ ಹೆಸರಿನಲ್ಲಿ. ತಾಯಿಯ ಹೆಸರಿನಲ್ಲಿ ಕೊಡಲು ಬರುವುದಿಲ್ಲ.

ಎರಡು ಜಡೆ
ಸರ್, ಅದನ್ನು ಹಾಗೆಯೇ ಬಿಡಲಿ. ಅವನಿಗೆ ಅದು ಗೊತ್ತಿಲ್ಲ.

ಕಾನೂನುಕಣ್ಣು
ಟಿಸಿ ಒತ್ತೆ ಇಡದಿದ್ದಕ್ಕೆ ಧನ್ಯವಾದ. ದೂರು ಕೊಡುವ ದೃಶ್ಯ ಇರಬೇಕಿತ್ತು ಎಂದು ಈಗಲೂ ಹೇಳುತ್ತೇನೆ.

ಗದಗಿನ ಗಾಳಿ
“ಬಣ್ಣ ಇಳಿಯುವುದರೊಳಗೆ” ಎಂಬುದಕ್ಕೆ ನಿಲ್ಲಿಸಿ. ಮಗಳು ಬೆಳಿಗ್ಗೆ ಅಕ್ಷರ ತಿದ್ದುವುದನ್ನು ಸೇರಿಸಲು ಹೋಗಬೇಡಿ, ಅದು ಎರಡು ಜಡೆ ಅವರ ಸ್ವಂತ ಕಥೆ, ಅವರೇ ಬರೆಯಲಿ.

ಎರಡು ಜಡೆ
ನಾನು ಬರೆಯುವುದಿಲ್ಲ. ನಮ್ಮ ಅಪ್ಪ ಈಗ ಮೊಬೈಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾರೆ.

ಗುಬ್ಬಿಗೂಡು
ಹಾಗಾದರೆ ಹುಡುಗಿ ಪಾಸಾದಳೇ?

ಕರಿಮಣ್ಣು
ಕಥೆ ಅಲ್ಲಿಯವರೆಗೆ ಹೋಗುವುದಿಲ್ಲ, ಅಕ್ಕನವರೇ. ರಾತ್ರಿ ಎರಡು ಗಂಟೆಗೆ ಮುಗಿಯುತ್ತದೆ.

ಒಣಮೆಣಸು
ಪಾಸು-ನಪಾಸು ಹಾಗಿರಲಿ. ಏಳು ಚೀಲ ಕೊನೆಗೆ ಯಾವ ದರಕ್ಕೆ ಹೋಯಿತು, ಅದನ್ನಾದರೂ ಹೇಳಿ.